ರಜೆ ಅರ್ಜಿ ಕಳಿಸುವ ಮೊದಲು ಒಮ್ಮೆ ತಿದ್ದಿ ನೋಡಿ

ರಜೆ ಅರ್ಜಿ ಬರೆಯಲು ಕೂತಾಗ ನಮ್ಮ ಮನಸ್ಸು ಸಾಮಾನ್ಯವಾಗಿ ಗಾಬರಿಯಲ್ಲಿರುತ್ತದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಆಫೀಸಿನಲ್ಲಿ ಕೆಲಸ ಜಾಸ್ತಿ, ಮೇಲಿನವರು ಏನಂತಾರೋ ಎನ್ನುವ ಅಳುಕು. ಆ ಗಾಬರಿಯೆಲ್ಲ ಹಾಗೇ ಕಾಗದಕ್ಕೆ ಇಳಿದುಬಿಡುತ್ತದೆ. ಬರೆಯುವಾಗ ಇಳಿದರೆ ಇಳಿಯಲಿ, ಅದನ್ನು ತಡೆಯಲು ಹೋಗಬೇಡಿ. ತಡೆಯಬೇಕಾದದ್ದು ಕಳಿಸುವ ಮೊದಲು. ಹದಿನೈದು ನಿಮಿಷ ಬಿಟ್ಟು ಮತ್ತೆ ಓದಿದರೆ ಅರ್ಜಿಯ ಅರ್ಧ ಭಾರ ತಾನಾಗಿ ಕಣ್ಣಿಗೆ ಬೀಳುತ್ತದೆ.

ಒಂದು ಅರ್ಜಿಯನ್ನೇ ಇಟ್ಟುಕೊಂಡು ನೋಡೋಣ. ಇದು ಉದಾಹರಣೆಗೆಂದು ನಾನೇ ಬರೆದದ್ದು. ಆದರೆ ಇದರ ಒಂದೊಂದು ಸಾಲೂ ನಿಮಗೆ ಪರಿಚಿತ ಅನ್ನಿಸುತ್ತದೆ.

"ಮಾನ್ಯರೇ, ಮೊದಲಿಗೆ ನನ್ನನ್ನು ಕ್ಷಮಿಸಿ. ಕೆಲಸ ಇಷ್ಟೊಂದು ಇರುವಾಗ ರಜೆ ಕೇಳಲು ನನಗೇ ನಾಚಿಕೆಯಾಗುತ್ತಿದೆ. ಕೆಲವು ಅನಿವಾರ್ಯ ಕಾರಣಗಳಿಂದ ಮುಂದಿನ ವಾರ ಒಂದೆರಡು ದಿನ ಬರಲು ಆಗುವುದಿಲ್ಲ. ತಾಯಿಯ ಆರೋಗ್ಯ ಸರಿಯಿಲ್ಲ, ಅವರಿಗೆ ನಾನೊಬ್ಬಳೇ ದಿಕ್ಕು. ಇಷ್ಟು ವರ್ಷದಲ್ಲಿ ನಾನು ಸುಮ್ಮನೆ ರಜೆ ಕೇಳಿದವಳಲ್ಲ ಎನ್ನುವುದು ತಮಗೆ ಗೊತ್ತೇ ಇದೆ. ನಿಮಗೂ ತಾಯಿ ಇದ್ದಾರೆ, ಅರ್ಥ ಮಾಡಿಕೊಳ್ಳುತ್ತೀರಿ ಎಂದು ನಂಬಿದ್ದೇನೆ. ನೀವು ಆಗಲ್ಲ ಎಂದರೆ ನನಗೆ ಬೇರೆ ದಾರಿಯೇ ಇಲ್ಲ. ರಜೆಯಲ್ಲೂ ಯಾವಾಗ ಬೇಕಾದರೂ ಫೋನಿನಲ್ಲಿ ಸಿಗುತ್ತೇನೆ. ತೊಂದರೆಗೆ ಮತ್ತೊಮ್ಮೆ ಕ್ಷಮೆ ಇರಲಿ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಬರೆದವಳು ಒಳ್ಳೆಯ ಕೆಲಸಗಾರ್ತಿ, ಕಷ್ಟವೂ ನಿಜ. ಆದರೂ ಇದನ್ನು ಓದಿದವರಿಗೆ ರಜೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಗೊತ್ತಾಗುವುದಿಲ್ಲ. ತಾಯಿಗೆ ಏನಾಗಿದೆ, ಈಕೆ ಇಲ್ಲದಾಗ ಕೆಲಸ ಯಾರು ನೋಡುತ್ತಾರೆ, ಅದೂ ಗೊತ್ತಾಗುವುದಿಲ್ಲ. ರಜೆ ಮಂಜೂರು ಮಾಡುವವರಿಗೆ ಬೇಕಾಗಿದ್ದದ್ದು ಅಷ್ಟೇ ಅಲ್ವಾ?

ಮೊದಲು ಕ್ಷಮೆಯನ್ನು ಎಣಿಸಿ

ಪೆನ್ಸಿಲ್ ಹಿಡಿದು ಕ್ಷಮಿಸಿ, ಕ್ಷಮೆ ಇರಲಿ, ನಾಚಿಕೆ, ಸಂಕೋಚ, ಬೇಸರ ಎನ್ನುವ ಮಾತುಗಳಿಗೆಲ್ಲ ಗೆರೆ ಎಳೆಯಿರಿ. ಮೇಲಿನ ಅರ್ಜಿಯಲ್ಲಿ ನೇರವಾಗಿ ಮೂರು ಸಿಗುತ್ತವೆ. ನಾಲ್ಕನೆಯದು ಮರೆಯಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪ್ರತಿ ಗೆರೆಯ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನಾನು ಮಾಡಿದ ತಪ್ಪು ಯಾವುದು? ಈ ಅರ್ಜಿಯಲ್ಲಿ ಹೇಳದೇ ಉಳಿದದ್ದು ತಾಯಿಯ ಆಪರೇಷನ್ ಎಂದಿಟ್ಟುಕೊಳ್ಳಿ, ಅದು ಇರುವುದು ತಪ್ಪಲ್ಲ. ರಜೆ ಕೇಳುವುದೂ ತಪ್ಪಲ್ಲ, ಅದು ಕೆಲಸದ ಒಪ್ಪಂದದಲ್ಲೇ ಇರುವ ವಿಷಯ. ಹಾಗಾದರೆ ಗೆರೆ ಎಳೆದದ್ದೆಲ್ಲ ಹೋಗಬೇಕು. ಆದರೆ ಆಪರೇಷನ್ ತಾರೀಖು ಹದಿನೈದು ದಿನದ ಹಿಂದೆಯೇ ಗೊತ್ತಿದ್ದು ನೀವು ಇವತ್ತು ಹೇಳುತ್ತಿದ್ದರೆ ಅದು ನಿಮ್ಮದೇ ತಪ್ಪು. ಅಲ್ಲಿ ಒಂದು ಸಾಲು ಇರಲೇಬೇಕು: "ಇದನ್ನು ಮೊದಲೇ ತಿಳಿಸಬೇಕಿತ್ತು, ತಡವಾಗಿದ್ದಕ್ಕೆ ಕ್ಷಮೆ ಇರಲಿ." ಇದಕ್ಕೆ ತೂಕವಿದೆ, ಯಾಕೆಂದರೆ ಯಾವುದಕ್ಕೆ ಕ್ಷಮೆ ಎನ್ನುವುದು ಇದರಲ್ಲೇ ಇದೆ.

ಕ್ಷಮೆ ಜಾಸ್ತಿಯಾದರೆ ಆಗುವ ನಷ್ಟ ಇನ್ನೊಂದಿದೆ. ನಾನು ಕೆಲವು ವರ್ಷ ಇಂಥ ಅರ್ಜಿಗಳಿಗೆ ಸಹಿ ಹಾಕುವ ಜಾಗದಲ್ಲಿದ್ದೆ. ಮೂರು ಸಲ ಕ್ಷಮಿಸಿ ಅಂದವರ ಅರ್ಜಿ ಓದಿದಾಗ, ಇವರು ಹೇಳದೇ ಇರುವುದು ಏನಾದರೂ ಇದೆಯೇ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು. ಪಾಪ, ಅವರ ಮನಸ್ಸಿನಲ್ಲಿ ಅಂಥದ್ದೇನೂ ಇರುತ್ತಿರಲಿಲ್ಲ.

ಇನ್ನು ಮರೆಯಲ್ಲಿರುವ ಕ್ಷಮೆ. "ಯಾವಾಗ ಬೇಕಾದರೂ ಫೋನಿನಲ್ಲಿ ಸಿಗುತ್ತೇನೆ." ಇದು ನೋಡಲು ಸೌಜನ್ಯ, ಒಳಗೆ ತಪ್ಪುಕಾಣಿಕೆ. ಆಪರೇಷನ್ ದಿನ ನೀವು ಆಸ್ಪತ್ರೆಯಲ್ಲಿ ಓಡಾಡುತ್ತಿರುತ್ತೀರಿ, ಫೋನ್ ಎತ್ತಲು ಆಗುವುದಿಲ್ಲ. ಆಗ ಮಾತು ತಪ್ಪಿದವರೂ ಆಗುತ್ತೀರಿ. ಇದನ್ನು ಪೂರ್ತಿ ಹೊಡೆದುಹಾಕಿ, ಇಲ್ಲವೇ ನಿಜವಾಗಿ ಆಗುವ ಒಂದು ಹೊತ್ತು ಬರೆಯಿರಿ.

ಮಸುಕು ಪದಗಳನ್ನು ಹುಡುಕಿ

ಕನ್ನಡದ ರಜೆ ಅರ್ಜಿಗಳಲ್ಲಿ "ಅನಿವಾರ್ಯ ಕಾರಣಗಳಿಂದ" ಎನ್ನುವುದು ಕೈಗೆ ತಾನಾಗಿ ಬರುವ ಮಾತು. ಶಾಲೆಯಲ್ಲಿ ಕಲಿತದ್ದು, ಇನ್ನೂ ಬಿಟ್ಟಿಲ್ಲ. ಅದರ ಜೊತೆಗಾರರು ಕೆಲವು, ಸ್ವಲ್ಪ, ಒಂದೆರಡು ದಿನ, ಮುಂದಿನ ವಾರ, ಆದಷ್ಟು ಬೇಗ. ಇವು ಕಂಡಲ್ಲೆಲ್ಲ ಒಂದು ಸುತ್ತು ಹಾಕಿ. ಪ್ರತಿ ಸುತ್ತಿನ ಜಾಗದಲ್ಲಿ ಒಂದು ತಾರೀಖೋ ಸಂಖ್ಯೆಯೋ ಬರಬೇಕು, ಇಲ್ಲವೇ ಒಂದು ವಿಷಯದ ಹೆಸರು ಬರಬೇಕು.

ನಮ್ಮ ಉದಾಹರಣೆಯಲ್ಲಿ ತಾಯಿಗೆ ಕಣ್ಣಿನ ಪೊರೆ ಆಪರೇಷನ್. ಇದಕ್ಕೆ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮರುದಿನ ತಪಾಸಣೆಗೆ ಬರಹೇಳುವುದೂ ರೂಢಿ. ಮನೆಯಲ್ಲಿ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧದ ಹನಿ ಹಾಕಬೇಕು. ಹೀಗೆ ನೆನೆಸಿಕೊಂಡು ಲೆಕ್ಕ ಹಾಕಿದರೆ "ಒಂದೆರಡು ದಿನ" ಎನ್ನುವುದು ಮೂರು ದಿನ ಎಂದು ಸ್ಪಷ್ಟವಾಗುತ್ತದೆ: ಆಪರೇಷನ್‌ಗೆ ಒಂದು, ತಪಾಸಣೆಗೆ ಒಂದು, ಹನಿ ಹಾಕುವುದು ರೂಢಿಯಾಗುವವರೆಗೆ ಜೊತೆಗಿರಲು ಒಂದು. ಮಸುಕು ಪದ ತೆಗೆಯುವುದರಲ್ಲಿ ಇದೇ ದೊಡ್ಡ ಲಾಭ. ಎಷ್ಟೋ ಸಲ ನಮಗೇ ಎಷ್ಟು ದಿನ ಬೇಕು ಎಂದು ಗೊತ್ತಿರುವುದಿಲ್ಲ. ತಾರೀಖು ಬರೆಯಲು ಹೊರಟಾಗಲೇ ಗೊತ್ತಾಗುವುದು.

ಹಾಗಂತ ಎಲ್ಲವನ್ನೂ ಹೇಳಬೇಕಾಗಿಲ್ಲ. ಖಾಸಗಿ ಬೇರೆ, ಮಸುಕು ಬೇರೆ. ಮನೆಯ ಜಗಳ, ನಿಮ್ಮದೇ ಚಿಕಿತ್ಸೆ, ಕೋರ್ಟಿನ ವಿಷಯ, ಇವನ್ನು ಬಿಡಿಸಿ ಹೇಳಲು ಇಷ್ಟವಿಲ್ಲದಿದ್ದರೆ "ಖಾಸಗಿ ಕೆಲಸವೊಂದಿದೆ, 11ರಂದೇ ಆಗಬೇಕಿದೆ, ಒಂದು ದಿನ ರಜೆ ಬೇಕು" ಎಂದರೆ ಸಾಕು. ಕಾರಣ ಮುಚ್ಚಿಟ್ಟರೂ ತಾರೀಖು ಗಟ್ಟಿಯಾಗಿದೆ. ಕಾರಣ ಹೇಳಲು ಮನಸ್ಸಿಲ್ಲ ಎಂದು ಇಲ್ಲದ ಜ್ವರ ಮಾತ್ರ ಬರೆಯಬೇಡಿ. ಮರುದಿನ ಯಾರಾದರೂ "ಈಗ ಹೇಗಿದೆ?" ಎಂದು ಅಕ್ಕರೆಯಿಂದ ಕೇಳಿದಾಗ ಇನ್ನೊಂದು ಸುಳ್ಳು ಬೇಕಾಗುತ್ತದೆ.

ಒತ್ತಡ ಹಾಕುವ ಸಾಲು ಗುರುತಿಸುವುದು

ಇದು ಮೂರರಲ್ಲೂ ಕಷ್ಟದ್ದು, ಯಾಕೆಂದರೆ ನಾವು ಒತ್ತಡ ಹಾಕುತ್ತಿದ್ದೇವೆ ಎಂದು ನಮಗೆ ಅನ್ನಿಸುವುದೇ ಇಲ್ಲ. ಕಷ್ಟ ಹೇಳಿಕೊಳ್ಳುತ್ತಿದ್ದೇವೆ ಎಂದೇ ಅಂದುಕೊಂಡಿರುತ್ತೇವೆ. ನಾನು ಒಂದು ಗುರುತು ಕಂಡುಕೊಂಡಿದ್ದೇನೆ. ಒತ್ತಡದ ಸಾಲಿನಲ್ಲಿ ಹೆಚ್ಚಾಗಿ "ನೀವು" ಇರುತ್ತದೆ. ನಿಮಗೂ ತಾಯಿ ಇದ್ದಾರೆ. ನೀವು ಅರ್ಥ ಮಾಡಿಕೊಳ್ಳುತ್ತೀರಿ. ನೀವು ಆಗಲ್ಲ ಎಂದರೆ. ತಮಗೆ ಗೊತ್ತೇ ಇದೆ. ಅರ್ಜಿ ನಿಮ್ಮ ಬಗ್ಗೆ ಇರಬೇಕಾದದ್ದು, ಓದುವವರ ಮನಸ್ಸಿನ ಬಗ್ಗೆ ಆಗಿಬಿಟ್ಟಿದೆ. ಅವರು ರಜೆ ಕೊಟ್ಟರೆ ಒಳ್ಳೆಯವರು, ಕೊಡದಿದ್ದರೆ ಕಲ್ಲು ಮನಸ್ಸಿನವರು ಎಂದು ಮೊದಲೇ ತೀರ್ಮಾನ ಮಾಡಿಟ್ಟಂತೆ.

"ನಾನೊಬ್ಬಳೇ ದಿಕ್ಕು" ಎನ್ನುವುದನ್ನು ನೋಡಿ. ಇದರೊಳಗೆ ಒಂದು ನಿಜವಾದ ಮಾಹಿತಿ ಇದೆ: ಜೊತೆಗೆ ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದನ್ನು ಹಾಗೇ ಬರೆದರೆ ಅದು ಕಾರಣವಾಗುತ್ತದೆ. "ದಿಕ್ಕು" ಎಂದಾಗ ಅದು ಮೊರೆಯಾಗುತ್ತದೆ. ಹೀಗೆ ಪ್ರತಿ ಭಾರದ ಸಾಲಿನೊಳಗೂ ಮಾಹಿತಿ ಇದೆಯೇ ಎಂದು ಹುಡುಕಿ. ಇದ್ದರೆ ಅದನ್ನಷ್ಟೇ ಎತ್ತಿಟ್ಟುಕೊಳ್ಳಿ. "ನಿಮಗೂ ತಾಯಿ ಇದ್ದಾರೆ" ಎನ್ನುವುದರಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಅದು ಹೋಗಲಿ. ಹಿಂದೆ ರಜೆ ಹಾಕಿಲ್ಲ ಎನ್ನುವ ಸಾಲೂ ಹಾಗೆಯೇ, ಎಷ್ಟು ರಜೆ ಉಳಿದಿದೆ ಎನ್ನುವುದು ದಾಖಲೆಯಲ್ಲಿ ಇದ್ದೇ ಇರುತ್ತದೆ.

ಮೆತ್ತಗೆ ಕಾಣುವ ಎರಡು ಒತ್ತಡಗಳನ್ನೂ ಹೇಳಿಬಿಡುತ್ತೇನೆ. "ಟಿಕೆಟ್ ಆಗಲೇ ಬುಕ್ ಮಾಡಿಯಾಗಿದೆ" ಎನ್ನುವುದು ಒಂದು. "ಮಂಜೂರು ಮಾಡುತ್ತೀರಿ ಎಂದು ನಂಬಿ ಮುಂಚಿತವಾಗಿ ಧನ್ಯವಾದಗಳು" ಎನ್ನುವುದು ಇನ್ನೊಂದು. ಎರಡರಲ್ಲೂ ಇಲ್ಲ ಎನ್ನುವ ಬಾಗಿಲನ್ನು ನೀವೇ ಮುಚ್ಚಿದ್ದೀರಿ. ಬರೀ "ಧನ್ಯವಾದಗಳು" ಎಂದರೆ ಏನೂ ಕಡಿಮೆಯಾಗುವುದಿಲ್ಲ.

ಖಾಲಿಯಾದ ಜಾಗಕ್ಕೆ ಏನು ಹಾಕುವುದು

ಇಷ್ಟೆಲ್ಲ ತೆಗೆದ ಮೇಲೆ ಅರ್ಜಿ ಬೋಳಾಗಿ ಕಾಣುತ್ತದೆ. ಆ ಜಾಗದಲ್ಲಿ ಕೆಲಸದ ವ್ಯವಸ್ಥೆ ಬರೆಯಿರಿ. ಕ್ಷಮೆ ಕೇಳಿ ನೀವು ಹೇಳಲು ಹೊರಟಿದ್ದು "ನಿಮ್ಮ ತೊಂದರೆ ನನಗೆ ಗೊತ್ತಿದೆ" ಎಂದಲ್ವಾ? ಅದನ್ನು ವ್ಯವಸ್ಥೆ ಇನ್ನೂ ಚೆನ್ನಾಗಿ ಹೇಳುತ್ತದೆ. ಆದರೆ ಸಹೋದ್ಯೋಗಿಯ ಹೆಸರು ಬರೆಯುವ ಮೊದಲು ಅವರನ್ನು ಕೇಳಿ. ಅವರಿಗೆ ಗೊತ್ತಿಲ್ಲದೆ "ಅವರು ನೋಡಿಕೊಳ್ಳುತ್ತಾರೆ" ಎಂದು ಬರೆದು ಸ್ನೇಹ ಕೆಟ್ಟದ್ದನ್ನು ನೋಡಿದ್ದೇನೆ.

ತಿದ್ದಿದ ಅರ್ಜಿ ಹೀಗಾಯಿತು:

"ವಿಷಯ: ಮಾರ್ಚ್ 11ರಿಂದ 13ರವರೆಗೆ 3 ದಿನ ರಜೆ ಕೋರಿ.

ಮಾನ್ಯರೇ, ನನ್ನ ತಾಯಿಗೆ ಮಾರ್ಚ್ 11ರಂದು ಕಣ್ಣಿನ ಪೊರೆಯ ಆಪರೇಷನ್ ಇದೆ. ಮರುದಿನ ತಪಾಸಣೆಗೆ ಹೋಗಬೇಕು. ಜೊತೆಗಿರಲು ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ 11ರಿಂದ 13ರವರೆಗೆ ಮೂರು ದಿನ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. 14ರಂದು ಕೆಲಸಕ್ಕೆ ಹಾಜರಾಗುತ್ತೇನೆ.

12ರಂದು ಕೊಡಬೇಕಿದ್ದ ತಿಂಗಳ ಲೆಕ್ಕವನ್ನು 10ರ ಸಂಜೆಯೊಳಗೆ ಮುಗಿಸಿ ಕೊಡುತ್ತೇನೆ. ಆ ಮೂರು ದಿನ ಬರುವ ಬಿಲ್‌ಗಳನ್ನು ನೋಡಿಕೊಳ್ಳಲು ಪಕ್ಕದ ವಿಭಾಗದ ಸಹೋದ್ಯೋಗಿ ಒಪ್ಪಿದ್ದಾರೆ. ತುರ್ತು ವಿಷಯವಿದ್ದರೆ 13ರಂದು ಮಧ್ಯಾಹ್ನ 3ರಿಂದ 4ರವರೆಗೆ ಫೋನಿನಲ್ಲಿ ಸಿಗುತ್ತೇನೆ. ಧನ್ಯವಾದಗಳು."

ಮೊದಲಿನದಕ್ಕಿಂತ ಇದು ತುಂಬ ಚಿಕ್ಕದೇನಲ್ಲ. ಆದರೆ ಸಹೋದ್ಯೋಗಿ ಎಂದಿರುವಲ್ಲಿ ಅವರ ಹೆಸರು ಹಾಕಿಬಿಟ್ಟರೆ, ಓದಿದವರು ತಿರುಗಿ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿಲ್ಲ.

ತಿದ್ದುವುದು ಅತಿಯಾದರೆ

ಕತ್ತರಿ ಹೆಚ್ಚು ಓಡಿದರೆ ಅರ್ಜಿ ನೋಟಿಸ್ ಆಗುತ್ತದೆ. "11ರಿಂದ 13ರವರೆಗೆ ಬರುವುದಿಲ್ಲ" ಎನ್ನುವುದು ಸ್ಪಷ್ಟವಾಗಿದೆ ನಿಜ, ಆದರೆ ಅದು ಕೋರಿಕೆ ಅಲ್ಲ. "ಕೋರುತ್ತೇನೆ" ಅಥವಾ "ವಿನಂತಿಸುತ್ತೇನೆ", ಎರಡರಲ್ಲಿ ಒಂದು ಇರಲಿ, ಒಂದೇ ಸಲ ಇರಲಿ. ಹಾಗೇ ಮೊದಲ ಅರ್ಜಿಯಲ್ಲಿ ಒಂದು ಕಡೆ "ತಮಗೆ", ಇನ್ನೊಂದು ಕಡೆ "ನಿಮಗೂ" ಇತ್ತು. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ಸಾವು, ಅಪಘಾತದಂಥ ಹೊತ್ತಿನಲ್ಲಿ ಇದ್ಯಾವುದೂ ಬೇಡ. ಫೋನ್ ಮಾಡಿ ಹೇಳಿ, ಇಲ್ಲವೇ ಎರಡು ಸಾಲಿನ ಮೆಸೇಜ್ ಹಾಕಿ ಹೊರಡಿ. ಅರ್ಜಿ ಆಮೇಲೆ ಕೊಟ್ಟರಾಯಿತು. ಆಗ ನಿಮ್ಮ ದುಃಖ ಆ ಸಾಲಿನಲ್ಲಿ ಕಂಡರೂ ಅದು ಒತ್ತಡವಲ್ಲ.

ಕೊನೆಗೆ ಅರ್ಜಿಯನ್ನು ಒಮ್ಮೆ ಗಟ್ಟಿಯಾಗಿ ಓದಿ. ಎದುರಿಗೆ ನಿಂತು ಹೇಳಲು ನಾಲಿಗೆ ತಡವರಿಸುವ ಸಾಲು ಸಿಕ್ಕರೆ ಅದನ್ನು ಇನ್ನೊಮ್ಮೆ ತಿದ್ದಿ. ಮೊದಲ ಅರ್ಜಿಯಲ್ಲಾದರೆ ಅದು "ನಿಮಗೂ ತಾಯಿ ಇದ್ದಾರೆ" ಎನ್ನುವ ಸಾಲು. ಆಮೇಲೆ ಕ್ಯಾಲೆಂಡರ್ ತೆಗೆದು ತಾರೀಖುಗಳನ್ನು ತಾಳೆ ನೋಡಿ. 14 ರಜಾದಿನವಾಗಿದ್ದರೆ ಕೆಲಸಕ್ಕೆ ಬರುವ ತಾರೀಖು ಬದಲಾಗುತ್ತದೆ. ಅದು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಕಳಿಸಿ.