ನೀಲಿಗರ ಮೂವತ್ತೊಕ್ಕಲು: ಕಲ್ಪಿತ ಪೇಟೆಯ ಒಂದು ಕಸುಬಿಗೆ ಕಟ್ಟಳೆ ಹೊಸೆದದ್ದು

ನಾನು ಬರೆಯುತ್ತಿರುವ ಕಾದಂಬರಿಯ ಕೂಡುಹೊಳೆ ಪಟ್ಟಣದಲ್ಲಿ ಕಂಚುಗಾರರು, ಗಾಣಿಗರು, ಬಳೆಗಾರರು ಎಲ್ಲರೂ ಇದ್ದಾರೆ. ಆದರೆ ಸಂಘದ ಕಟ್ಟಳೆಗಳನ್ನು ನಾನು ಬುಡದಿಂದ ಕಟ್ಟಿದ್ದು ನೀಲಿ ಬಣ್ಣ ಹಾಕುವವರಿಗೆ ಮಾತ್ರ. ಸಂಘಕ್ಕೆ ‘ನೀಲಿಗರ ಮೂವತ್ತೊಕ್ಕಲು’ ಎಂದು ಹೆಸರಿಟ್ಟೆ. ನಮ್ಮ ಶಾಸನಗಳಲ್ಲಿ ಎಣ್ಣೆಗಾಣದವರ ಸಂಘವನ್ನು ‘ತೆಲ್ಲಿಗರೈವತ್ತೊಕ್ಕಲು’ ಎಂದು ಕರೆದಿರುವುದು ಇದಕ್ಕೆ ಆಧಾರ. ಹೆಸರಿನಲ್ಲಿಯೇ ಸಂಖ್ಯೆ ಕುಳಿತರೆ ಮೂವತ್ತೊಂದನೆಯ ಮನೆಯವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಕಥೆಗೆ ಬೇಕಾದದ್ದೂ ಅದೇ.

ನಿಯಮಗಳನ್ನು ಬರೆಯುವ ಮೊದಲು ಕೆಲಸದ ಕ್ರಮವನ್ನು ತಿಳಿದುಕೊಂಡೆ. ನೀಲಿ ನೀರಿನಲ್ಲಿ ಕರಗುವುದಿಲ್ಲ. ಅರೆದ ನೀಲಿಯನ್ನು ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜಗಳ ಜೊತೆ ಬಾನಿಯಲ್ಲಿ ಬೆಚ್ಚಗೆ ಇಟ್ಟು ಹುದುಗಿಸಿದರೆ ಮಾತ್ರ ಅದು ಬಟ್ಟೆಗೆ ಹಿಡಿಯುವ ರೂಪಕ್ಕೆ ಬರುತ್ತದೆ. ಹದಕ್ಕೆ ಬಂದ ಬಾನಿಯ ನೀರು ಹಳದಿ ಬೆರೆತ ಹಸಿರಾಗಿರುತ್ತದೆ, ಮೇಲೆ ತಾಮ್ರದ ಹೊಳಪಿನ ಪೊರೆಯೂ ನೀಲಿ ನೊರೆಯೂ ಕಟ್ಟುತ್ತವೆ. ಅದ್ದಿ ತೆಗೆದ ಬಟ್ಟೆ ಮೊದಲು ಹಸಿರಾಗಿ ಕಂಡು, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಸುಣ್ಣ ಹೆಚ್ಚಾದರೆ ಹುದುಗು ನಿಂತುಹೋಗುತ್ತದೆ. ಕಡಿಮೆಯಾದರೆ ಬಾನಿ ಹುಳಿತು ಕೊಳೆಯುತ್ತದೆ, ಹಾಕಿದ ನೀಲಿ ಕೈಬಿಟ್ಟುಹೋಗುತ್ತದೆ.

ಈ ಕ್ರಮವನ್ನು ಮುಂದಿಟ್ಟುಕೊಂಡು ಗುಟ್ಟು ಯಾವ ಹಂತದಲ್ಲಿದೆ ಎಂದು ಹುಡುಕಿದಾಗ ಒಂದಲ್ಲ, ಬೇರೆ ಬೇರೆ ಸ್ವಭಾವದ ಗುಟ್ಟುಗಳು ಸಿಕ್ಕವು. ತಗಚೆ ಬೀಜ ಹಾಕುತ್ತಾರೆ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಅಂಥದನ್ನು ಬಾಯಿ ಕಟ್ಟಿಯೇ ಕಾಯಬೇಕು. ಆದ್ದರಿಂದ ಬೀಜ ಬೇಯಿಸುವ ಕೆಲಸವನ್ನು ಮನೆಯವರಿಗೆ ಮೀಸಲಿಟ್ಟೆ, ಶಿಷ್ಯನ ಕಣ್ಣಿಗೆ ಬೀಳುವುದು ಬಸಿದ ಕಷಾಯ ಮಾತ್ರ. ಬಾನಿ ಕೆಡುವ ಮುನ್ನ ಅದರ ವಾಸನೆಯಲ್ಲಿ ಆಗುವ ಬದಲಾವಣೆಯನ್ನು ಹಿಡಿಯುವುದು ಹಾಗಲ್ಲ. ಗುರು ಮನಸಾರೆ ಹೇಳಿಕೊಟ್ಟರೂ ಅದು ಮಾತಿನಲ್ಲಿ ದಾಟುವುದಿಲ್ಲ, ಆದ್ದರಿಂದ ಅದಕ್ಕೆ ಆಣೆ ಪ್ರಮಾಣಗಳ ಕಾವಲೇ ಬೇಡ, ವರ್ಷಗಳೇ ಕಾವಲು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆಯ ಬಾನಿಯ ಗಸಿ. ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ಬಾನಿಗೆ ಈ ಗಸಿಯನ್ನು ಬೆರೆಸಿದರೆ ಹುದುಗು ಬೇಗ ಏಳುತ್ತದೆ, ಮತ್ತು ಒಂದು ಚೊಂಬು ಗಸಿಯನ್ನು ಯಾರು ಬೇಕಾದರೂ ಕದ್ದೊಯ್ಯಬಹುದು. ಹಾಗಾಗಿ ಕೂಡುಹೊಳೆಯಲ್ಲಿ ಒಬ್ಬನನ್ನು ಒಕ್ಕಲಿಗೆ ಸೇರಿಸಿಕೊಳ್ಳುವುದೆಂದರೆ ಸಭೆಯ ಎದುರು ಅವನಿಗೆ ಗಸಿ ಅಳೆದು ಕೊಡುವುದು. ಅದಿಲ್ಲದವನು ಬಾನಿ ಇಟ್ಟರೆ ಗಸಿ ಎಲ್ಲಿಂದ ಬಂತು ಎಂಬ ವಿಚಾರಣೆ ನಡೆಯುತ್ತದೆ. ಗಸಿಯಿಲ್ಲದೆಯೂ ಬಾನಿ ಏಳುತ್ತದೆ, ನಿಧಾನವಾಗಿ. ಆಪಾದಿತನಿಗೆ ಇರುವ ಒಂದೇ ಸಮರ್ಥನೆ ಅದು.

ಶಿಷ್ಯವೃತ್ತಿಯ ಅವಧಿಯನ್ನು ಏಳು ವರ್ಷ ಎಂದು ಇಟ್ಟೆ. ಇಂಗ್ಲೆಂಡಿನ 1563ರ ಕಾಯಿದೆಯಲ್ಲಿಯೂ ಕನಿಷ್ಠ ಏಳು ವರ್ಷವೇ ಇತ್ತು, ಆದರೆ ಸಂಖ್ಯೆಗಿಂತ ಅದರ ಹಿಂದಿನ ಲೆಕ್ಕ ನನಗೆ ಮುಖ್ಯವಾಗಿತ್ತು. ಮೊದಲ ವರ್ಷಗಳಲ್ಲಿ ಹುಡುಗ ಊಟ ಮಾಡುತ್ತಾನೆ, ಬಟ್ಟೆ ಕೆಡಿಸುತ್ತಾನೆ, ಒಮ್ಮೊಮ್ಮೆ ಬಾನಿಯನ್ನೇ ಕೆಡಿಸುತ್ತಾನೆ. ಗುರುವಿಗೆ ಆಗುವ ಈ ನಷ್ಟ ತುಂಬುವುದು ಹುಡುಗ ಕೆಲಸ ಕಲಿತ ಮೇಲೂ ಸಂಬಳವಿಲ್ಲದೆ ದುಡಿಯುವ ಕೊನೆಯ ವರ್ಷಗಳಲ್ಲಿ. ಯಾಜ್ಞವಲ್ಕ್ಯ ಸ್ಮೃತಿ ಇದನ್ನು ನೇರವಾಗಿಯೇ ಹೇಳುತ್ತದೆ: ಶಿಲ್ಪವನ್ನು ಕಲಿತಾದ ಮೇಲೂ ಶಿಷ್ಯನು ಒಪ್ಪಿದ ಕಾಲ ಮುಗಿಯುವವರೆಗೆ ಗುರುವಿನ ಮನೆಯಲ್ಲಿ ಉಂಡುಕೊಂಡಿದ್ದು, ದುಡಿಮೆಯ ಫಲವನ್ನು ಗುರುವಿಗೆ ಒಪ್ಪಿಸಬೇಕು. ಆ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು.

ಈ ಲೆಕ್ಕದ ಬಿರುಕಿನಲ್ಲಿಯೇ ನನ್ನ ಪಾತ್ರ ಹುಟ್ಟಿದ್ದು. ದ್ಯಾವಣ್ಣ ಎಂಬ ಹುಡುಗನಿಗೆ ನಾಲ್ಕನೆಯ ವರ್ಷಕ್ಕೇ ಮೂಗು ಕುದುರುತ್ತದೆ. ನೆರೆಯ ಪಟ್ಟಣದ ಜವಳಿ ವರ್ತಕನು ಅವನಿಗೆ ಬಾನಿಯನ್ನೂ ಮನೆಯನ್ನೂ ಕೊಡಲು ಸಿದ್ಧನಿದ್ದಾನೆ. ಹುಡುಗ ಓಡಿಹೋದರೆ ಗುರುವಿಗೆ ಮೂರು ವರ್ಷದ ದುಡಿಮೆ ನಷ್ಟ, ವರ್ತಕನಿಗೆ ಲಾಭ, ಸಂಘಕ್ಕೆ ಮೂವತ್ತರ ಹಿಡಿತ ತಪ್ಪುವ ಭಯ. ನಾನು ಹಾಕಿದ ಪ್ರತಿ ಕಟ್ಟಳೆಯನ್ನೂ ಹೀಗೆ ನೋಡಿದೆ: ಇದನ್ನು ಮುರಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಎರಡಕ್ಕೂ ಉತ್ತರ ಸಿಗದ ನಿಯಮಗಳನ್ನು, ಅಂದರೆ ಬಣ್ಣದ ಮುಂಡಾಸು, ರಹಸ್ಯ ಸಂಕೇತ ಮುಂತಾದವನ್ನು ತೆಗೆದುಹಾಕಿದೆ. ಅವು ಓದಲು ಸೊಗಸಾಗಿದ್ದವು, ಆದರೆ ಯಾವ ಪಾತ್ರಕ್ಕೂ ಅವುಗಳಿಂದ ತೊಡಕಾಗುತ್ತಿರಲಿಲ್ಲ.

ಒಂದು ಕಟ್ಟಳೆಯನ್ನು ಮಾತ್ರ ಕೊನೆಗೆ ಸೇರಿಸಬೇಕಾಯಿತು. ಸಂಘದ ಪಟ್ಟಿಯಲ್ಲಿರುವುದು ಗಂಡಸರ ಹೆಸರು, ಆದರೆ ತಗಚೆ ಬೇಯಿಸಿ ಬಾನಿಗೆ ಉಣಿಸುವವಳು ಹೆಂಗಸು. ಯಜಮಾನ ಸತ್ತರೆ ಬಾನಿ ನಡೆಸಬಲ್ಲವಳು ಅವಳೇ. ಯುರೋಪಿನ ಅನೇಕ ಸಂಘಗಳಲ್ಲಿ ವಿಧವೆಯರು ಗಂಡನ ಕಾರ್ಖಾನೆಯನ್ನು ಮುಂದುವರಿಸಬಹುದಿತ್ತು. ಕೂಡುಹೊಳೆಯಲ್ಲಿಯೂ ವಿಧವೆಗೆ ಬಾನಿ ಉಳಿಯುತ್ತದೆ, ಸಭೆಯಲ್ಲಿ ಮಾತು ಉಳಿಯುವುದಿಲ್ಲ, ಹೊಸ ಶಿಷ್ಯನನ್ನು ಸೇರಿಸಿಕೊಳ್ಳುವ ಹಕ್ಕೂ ಇಲ್ಲ. ದ್ಯಾವಣ್ಣನ ಗುರು ಐದನೆಯ ವರ್ಷದಲ್ಲಿ ತೀರಿಕೊಳ್ಳುವಂತೆ ಮಾಡಿದ್ದೇನೆ. ಉಳಿದ ಎರಡು ವರ್ಷದ ದುಡಿಮೆ ಆ ತಾಯಿಗೆ ಸಲ್ಲಬೇಕೋ ಸಂಘಕ್ಕೋ ಎಂಬುದು ಈಗ ಸಭೆಯ ಮುಂದಿರುವ ವ್ಯಾಜ್ಯ.