ಒಂದು ಟ್ಯಾಪ್ ಬಂದ್ ಮಾಡಿದೆ, ಇಯರ್‌ಬಡ್ ದಾರಿಗೆ ಬಂತು

ನನ್ನ ಟಚ್ ಇಯರ್‌ಬಡ್ ಸಡಿಲ ಆಯ್ತು ಅಂತ ಸ್ವಲ್ಪ ಒತ್ತಿದರೆ ಹಾಡು ನಿಲ್ಲುತ್ತಿತ್ತು. ಕೂದಲು ಸರಿಸಿದರೆ ಮುಂದಿನ ಹಾಡು. ‘ಟಚ್ ಅಂದ್ರೆ ಹಾಗೇನೇ, ಬಟನ್ ಇರೋದು ತಗೋ’ ಅಂದರು ಗೆಳೆಯರು. ನಾನು ತಗೊಂಡೆ ಕೂಡ, ಹಳೆಯದರ ಅರ್ಧದಷ್ಟು ದುಡ್ಡು ಕೊಟ್ಟು. ಬಟನ್ ಒತ್ತಿದಾಗೆಲ್ಲ ಬಡ್ ಕಿವಿಯೊಳಗೆ ತೂರಿ ನೋಯುತ್ತಿತ್ತು. ಎರಡು ವಾರಕ್ಕೆ ಅದು ಡ್ರಾಯರ್ ಸೇರಿತು.

ಹಳೆಯದನ್ನೇ ಮತ್ತೆ ಹಾಕಿಕೊಂಡು, ಒಂದು ದಿನ ಪೂರ್ತಿ ತಪ್ಪು ಟ್ಯಾಪ್‌ಗಳನ್ನು ಬರೆದಿಟ್ಟೆ. ಹೆಚ್ಚುಕಡಿಮೆ ಮೂವತ್ತು. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಒಂದೇ ಟ್ಯಾಪ್‌ನವು, ಎಲ್ಲವೂ ಬಡ್ ಸರಿಮಾಡುವಾಗ ಆದವು. ಅಂದರೆ ಸೆನ್ಸರ್ ಕೆಟ್ಟಿರಲಿಲ್ಲ. ಬೆರಳು ತಾಗಿದ್ದು ನಿಜ, ಉದ್ದೇಶ ಬೇರೆ ಇತ್ತು ಅಷ್ಟೇ.

ಆ್ಯಪ್‌ನಲ್ಲಿ ಎರಡೂ ಕಡೆ ಒಂದು ಟ್ಯಾಪ್‌ಗೆ ‘ಏನೂ ಬೇಡ’ ಅಂತ ಇಟ್ಟೆ. ಪ್ಲೇ–ಪಾಜ್ ಡಬಲ್ ಟ್ಯಾಪ್‌ಗೆ ಹೋಯಿತು. ಆದರೆ ತಟ್ಟಿ ಅರೆಕ್ಷಣ ಆದಮೇಲೆ ಹಾಡು ನಿಲ್ಲುತ್ತಿತ್ತು. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು: ಮೂರನೇ ತಟ್ಟು ಬರುತ್ತಾ ಅಂತ ಬಡ್ ಕಾಯುತ್ತಿತ್ತು! ಟ್ರಿಪಲ್ ಟ್ಯಾಪ್ ಬಂದ್ ಮಾಡಿದೆ, ಕಾಯುವುದೂ ನಿಂತಿತು.

ಲಾಂಗ್ ಪ್ರೆಸ್ ಕಾಟ ಬೇರೆ ಥರ. ಎಡಕ್ಕೆ ಮಲಗಿದರೆ ಎಡ ಬಡ್ ದಿಂಬು ಮತ್ತು ಕಿವಿಯ ನಡುವೆ ಸಿಕ್ಕಿಕೊಂಡು ನಾಯ್ಸ್ ಕ್ಯಾನ್ಸಲಿಂಗ್ ತಾನಾಗೇ ಬದಲಾಗುತ್ತಿತ್ತು. ಲಾಂಗ್ ಪ್ರೆಸ್ಸನ್ನು ಬಲಗಡೆಗೆ ಮಾತ್ರ ಉಳಿಸಿದೆ. ಬಲಕ್ಕೆ ಮಲಗುವವರು ಎಡಗಡೆಗೆ ಇಟ್ಟುಕೊಳ್ಳಿ. ಸ್ವೈಪ್ ವಾಲ್ಯೂಮ್‌ಗೆ ಚೆನ್ನಾಗಿದೆ, ಆದರೆ ಓಡುವಾಗ ಬೆವರು ಇಳಿದರೆ ಅದನ್ನೂ ಬೆರಳು ಅಂದುಕೊಂಡು ಸದ್ದು ಬದಲಿಸಿಬಿಡುತ್ತದೆ. ಓಡುವ ದಿನ ಅದನ್ನು ಬಂದ್ ಮಾಡಿಡುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಟಚ್ ಜಾಗಕ್ಕೆ ಸೆಲೋಟೇಪ್ ಅಂಟಿಸಿದೆ. ಏನೂ ಆಗಲಿಲ್ಲ, ತೆಳು ಟೇಪ್ ಮೂಲಕವೂ ಬೆರಳು ಗೊತ್ತಾಗುತ್ತದೆ ಅಲ್ವಾ. ದಪ್ಪ ಫೋಮ್ ಟೇಪ್ ಎರಡು ಪದರ ಹಾಕಿದಾಗ ಟ್ಯಾಪ್ ನಿಂತಿತು. ಖುಷಿಯಲ್ಲಿ ಕೇಸ್ ಮುಚ್ಚಲು ಹೋದರೆ ಮುಚ್ಚಳ ಕೂರಲಿಲ್ಲ. ಬೆಳಿಗ್ಗೆ ನೋಡಿದರೆ ಚಾರ್ಜೇ ಆಗಿರಲಿಲ್ಲ.

ಕರೆ ಬಂದಾಗ ಮಾತ್ರ ನನ್ನ ಸೆಟ್ಟಿಂಗ್ ನಡೆಯಲ್ಲ. ಡಬಲ್ ಟ್ಯಾಪ್ ಅಂದರೆ ಕರೆ ಕಟ್, ಆ್ಯಪ್‌ನಲ್ಲಿ ಅದನ್ನು ಬದಲಿಸಲು ದಾರಿಯೇ ಇಲ್ಲ. ಇನ್ನೊಂದು ಸಲ ಫರ್ಮ್‌ವೇರ್ ಅಪ್‌ಡೇಟ್ ಆಗಿ ಎಲ್ಲ ಹಳೇ ಸ್ಥಿತಿಗೆ ಹೋಗಿತ್ತು. ಈಗ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ಸೆಟ್ಟಿಂಗ್ ಬಡ್‌ನಲ್ಲೇ ಸೇವ್ ಆಗಿದೆಯಾ ನೋಡಲು, ಆ್ಯಪ್ ಇಲ್ಲದ ಬೇರೆ ಫೋನಿಗೆ ಜೋಡಿಸಿ ತಟ್ಟಿ ನೋಡಿ. ನನ್ನದು ಅಲ್ಲೂ ಹಾಗೇ ಕೆಲಸ ಮಾಡಿತು.

ಈಗ ದಿನಕ್ಕೆ ಒಂದೋ ಎರಡೋ ತಪ್ಪು. ಅದನ್ನೂ ಇಳಿಸಲು ಬಡ್ ಹಿಡಿಯುವ ಒಂದು ಕೈಚಳಕ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ‘ಬಟನ್ ತಗೋ’ ಅಂದಿದ್ದ ಗೆಳೆಯ ಮೊನ್ನೆ ತನ್ನ ಬಡ್ ತಂದು, ‘ಇದಕ್ಕೂ ಹಂಗೇ ಮಾಡಿಕೊಡು ಮಾರಾಯ’ ಅಂದ.