ಕೋಡ್ ಕೊಟ್ಟಾಗ ಅಲ್ಲಿ ಏನಿತ್ತು: ಏರ್‌ಪೋರ್ಟ್ ಕೋಡ್ ಕಲಿಸಿದ ಅನುಭವ

ಟಿಕೆಟಿಂಗ್ ಕೌಂಟರಿಗೆ ಹೊಸಬರು ಬಂದರೆ ಇನ್ನೂರು ಕೋಡಿನ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ನಮ್ಮಲ್ಲಿದ್ದ ಪದ್ಧತಿ. ಕಾರಣ ಹೇಳಿಕೊಟ್ಟರೆ ಪಟ್ಟಿ ಬೇಕಾಗುವುದಿಲ್ಲ ಎಂದಾಗ ಹಿರಿಯರು ಒಪ್ಪಲಿಲ್ಲ. ಅಮೆಡಿಯಸ್ ಬುಕಿಂಗ್ ಸಿಸ್ಟಮಿನಲ್ಲಿ `DAC` ಜೊತೆಗೆ ಕೋಡ್ ಹೊಡೆದರೆ ಊರು ಗೊತ್ತಾಗುತ್ತದೆ, ಕಾರಣ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದರು. ಈಚಿನ ಎರಡು ಬ್ಯಾಚಿನವರು ಹತ್ತು ಹನ್ನೆರಡು ದಿನಕ್ಕೆ ನೂರೈವತ್ತರಷ್ಟು ಕೋಡನ್ನು ನೋಡದೆ ಹೇಳುತ್ತಿದ್ದಾರೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಮೊದಲ ದಿನವೇ ಬಿದ್ದುಹೋಯಿತು. ಊರಿನ ಹೆಸರಿನಿಂದ ಮೂರು ಅಕ್ಷರ ಆರಿಸಿ ಎಂದೆ. BLR, DEL, HYD ಸಲೀಸಾಗಿ ಬಂದವು, ಮಂಗಳೂರಿನ IXE ಬಂದಾಗ ಎಲ್ಲರೂ ನಿಂತರು. ಆಮೇಲೆ ದೇಶವಾರು ವಿಂಗಡಿಸಿದೆ. ಕೆನಡಾದ್ದು ಹೆಚ್ಚುಕಡಿಮೆ ಎಲ್ಲ Yಯಿಂದ ಶುರುವಾಗುವುದರಿಂದ ಅದು ಸರಿಹೋಯಿತು, ಅಮೆರಿಕಕ್ಕೆ ಬಂದಾಗ ಕೈಕೊಟ್ಟಿತು. ಕೊನೆಗೆ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: ಕೋಡ್ ಕೊಟ್ಟಾಗ ಅಲ್ಲಿ ಏನಿತ್ತು?

ಶಿಕಾಗೋದ ORD ತಗೊಳ್ಳಿ. ಓಹೇರ್ ಎಂಬ ಹೆಸರಿನಲ್ಲಿ D ಎಲ್ಲೂ ಇಲ್ಲ. ಆ ಜಾಗ ಆರ್ಚರ್ಡ್ ಪ್ಲೇಸ್. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಡಗ್ಲಸ್ ಕಂಪನಿಯ ವಿಮಾನ ಕಾರ್ಖಾನೆ ಇತ್ತು, ಮೈದಾನಕ್ಕೆ ಆರ್ಚರ್ಡ್ ಫೀಲ್ಡ್ ಎನ್ನುತ್ತಿದ್ದರು. 1949ರಲ್ಲಿ ಓಹೇರ್ ಹೆಸರು ಬಂತು, ಕೋಡ್ ಮಾತ್ರ ಆರ್ಚರ್ಡಿನದೇ ಉಳಿಯಿತು. ಒರ್ಲ್ಯಾಂಡೊದ MCO ಹಿಂದೆ ಅಲ್ಲಿದ್ದ ಮೆಕಾಯ್ ವಾಯುನೆಲೆಯದು. ಟೊರೊಂಟೊದ YYZ ನಿಲ್ದಾಣ ಇರುವ ಮಾಲ್ಟನ್‌ನ YZ ಎಂಬ ಸಂಕೇತದ ಮುಂದೆ ಕೆನಡಾದ Y ಸೇರಿ ಆದದ್ದು. ಊರೇ ಹೆಸರು ಬದಲಿಸಿಕೊಂಡರೂ ಇದೇ ಲೆಕ್ಕ: ಲೆನಿನ್‌ಗ್ರಾಡ್ LED, ಸೈಗಾನ್ SGN, ಬಾಂಬೆ BOM. ನ್ಯೂವಾರ್ಕ್ ಇದಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ N ಅಕ್ಷರವನ್ನು ನೌಕಾಪಡೆಗೆ ಮೀಸಲಿಟ್ಟಿದ್ದರಿಂದ ಹೆಸರಿನ ಮೊದಲಕ್ಷರ ಬಿಟ್ಟು EWR ಮಾಡಿದರು.

ನಮ್ಮ ದೇಶದ, IXನಿಂದ ಶುರುವಾಗುವ ಕೋಡುಗಳ ಸಾಲಿನ ಮೇಲೆ ಒಂದು ಭಾನುವಾರ ಕೂತು ಪರೀಕ್ಷೆ ಮಾಡಿದೆ. ನೆನಪಿಗೆ ಬಂದ ಹದಿನಾರು ಕೋಡಿನಲ್ಲಿ ಹನ್ನೆರಡರ ಮೂರನೇ ಅಕ್ಷರ ಊರಿನ ಹೆಸರಿನಲ್ಲಿತ್ತು. ಬಾಗ್ಡೋಗ್ರಾ IXB, ಲೇಹ್ IXL, ಬೆಳಗಾವಿ IXG. ಆದರೆ ಹುಡುಕಬೇಕಾದ್ದು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ. Mangaluru ಎಂದು ಬರೆದರೆ E ಸಿಗುವುದಿಲ್ಲ, Mangalore ಎಂದರೆ ಕೊನೆಯಲ್ಲೇ ಇದೆ. ಪ್ರಯಾಗ್‌ರಾಜ್‌ನ IXDಗೂ Allahabad ಎಂದೇ ಬರೆದು ನೋಡಬೇಕು. ಬೀದರಿನ IXX, ಪೋರ್ಟ್ ಬ್ಲೇರಿನ IXZ, ಜಮ್‌ಶೆಡ್‌ಪುರದ IXW, ಕಾಂಡ್ಲಾದ IXY ಈ ನಾಲ್ಕು ಈ ಲೆಕ್ಕಕ್ಕೆ ಸಿಗಲಿಲ್ಲ. ಇಷ್ಟನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇನೆ.

ಇಲ್ಲೇ ಇನ್ನೊಂದು ತೊಡಕಿದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕೋಡೂ IX. ಮಂಗಳೂರು–ದುಬೈಗೆ ಅದರ ವಿಮಾನ ಮಾತ್ರ ನೋಡಬೇಕೆಂದರೆ ಹೀಗೆ ಹೊಡೆಯಬೇಕು:

```
AN10JANIXEDXB/AIX
```

ಹೊಸಬರು ಎರಡು IX ಒಂದೇ ಎಂದುಕೊಂಡು ಕೊನೆಯದನ್ನು ಬಿಡುತ್ತಾರೆ, ಆಗ ಬೇರೆ ಕಂಪನಿಯ ವಿಮಾನಗಳೂ ಪರದೆಗೆ ಬರುತ್ತವೆ. ಓರೆಗೆರೆಯ ನಂತರದ A ಏರ್‌ಲೈನಿನದು, ಅದರ ಮುಂದಿನ ಎರಡು ಅಕ್ಷರ ಕಂಪನಿಯದು.

ನನ್ನ ಪ್ರಕಾರ ಹೆಸರಿಗೆ ಸಂಬಂಧವೇ ಇಲ್ಲದಂತೆ ಕಾಣುವ ಕೋಡು ದುಡ್ಡು ಕಳೆಯುವುದಿಲ್ಲ, ಅಲ್ಲಿ ಎಲ್ಲರೂ ನಿಂತು ನೋಡುತ್ತಾರೆ. ಕಳೆಯುವುದು ಸರಿಯಾಗಿಯೇ ಇದೆ ಎನಿಸುವ ಕೋಡು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳವರು ಹೋಗುವ ಸ್ಯಾನ್ ಹೋಸೆ SJC, ಕ್ಯಾಲಿಫೋರ್ನಿಯಾದ್ದು. SJO ಕೂಡ ಸ್ಯಾನ್ ಹೋಸೆಯೇ, ಆದರೆ ಕೋಸ್ಟರಿಕಾದ್ದು. ನಮ್ಮ ಕೌಂಟರಿನಲ್ಲೇ ಒಮ್ಮೆ SJOಗೆ ಟಿಕೆಟ್ ಹೊರಟಿತು. ಅದೇ ದಿನ ಗೊತ್ತಾಗಿದ್ದರೆ ವಾಯ್ಡ್ ಮಾಡಿ ಮುಗಿಸಬಹುದಿತ್ತು. ಮರುದಿನ ಗೊತ್ತಾದ್ದರಿಂದ ಕ್ಯಾನ್ಸಲೇಷನ್ ದಂಡ, ಹೊಸ ದರದ ವ್ಯತ್ಯಾಸ ಸೇರಿ ಇಪ್ಪತ್ತು ಸಾವಿರದ ಆಸುಪಾಸು ನಾವೇ ಕಟ್ಟಿದೆವು. ಅಂದಿನಿಂದ ಟಿಕೆಟ್ ಇಶ್ಯೂ ಮಾಡುವ ಮೊದಲು `DACSJC` ಹೊಡೆದು, ಬಂದ ಸಾಲಿನಲ್ಲಿ ಊರಿನ ಹೆಸರನ್ನಲ್ಲ, ದೇಶ ಮತ್ತು ರಾಜ್ಯದ ಕೋಡನ್ನು ಗಟ್ಟಿಯಾಗಿ ಓದಬೇಕು.

ಕೋಡ್ ಕೊಟ್ಟಾಗ ಅಲ್ಲಿ ಏನಿತ್ತು ಎಂಬ ಪ್ರಶ್ನೆ ಸೋಲುವುದು ಕೋಡೇ ಜಾಗ ಬದಲಿಸಿದಾಗ. 2008ರ ಮೇನಲ್ಲಿ BLR ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. 2006ರಲ್ಲಿ BKK ಸುವರ್ಣಭೂಮಿಗೆ ಹೋಗಿ ಹಳೆಯ ಡಾನ್ ಮುಯಾಂಗ್ DMK ಆಯಿತು. ಗೋವಾದಲ್ಲಿ ಹಾಗಾಗಲಿಲ್ಲ. ದಾಬೋಲಿಮ್ GOI ಆಗಿಯೇ ಉಳಿಯಿತು, 2023ರಲ್ಲಿ ಶುರುವಾದ ಮೋಪಾಕ್ಕೆ GOX ಬಂತು. ಎರಡರ ನಡುವೆ ಸುಮಾರು 60 ಕಿಲೋಮೀಟರ್ ರಸ್ತೆ. ಕಸ್ಟಮರು ಬರೇ ಗೋವಾ ಎಂದರೆ ಕೋಡ್ ಹೊಡೆಯುವ ಮೊದಲು ಹೋಟೆಲ್ ಯಾವ ಊರಿನಲ್ಲಿದೆ ಎಂದು ಕೇಳುತ್ತೇವೆ.